ಒಂದೇ ಗಂಟಲು, ಮೂರು ಮಂದಿ

ಏಕಪಾತ್ರಾಭಿನಯದಲ್ಲಿ ಒಬ್ಬನೇ ನಟ ಮೂರು ನಾಲ್ಕು ಪಾತ್ರಗಳ ಮಾತನ್ನು ತಾನೇ ಆಡುತ್ತಾನೆ. ವೇಷ ಬದಲಿಸಲು ಹೊತ್ತಿರುವುದಿಲ್ಲ, ಎದುರು ಮಾತಾಡಲು ಜೊತೆಗಾರನಿರುವುದಿಲ್ಲ, ಮಾತಿಗೆ ಮುಂಚೆ ಪಾತ್ರದ ಹೆಸರು ಹೇಳುವ ಸೂತ್ರಧಾರನೂ ಇರುವುದಿಲ್ಲ. ಈಗ ಮಾತಾಡುತ್ತಿರುವವರು ಯಾರು ಎಂಬುದನ್ನು ಕೇಳುಗ ಮೊದಲ ಎರಡು ಮೂರು ಪದಗಳಲ್ಲೇ ತಿಳಿಯಬೇಕು. ಅದಕ್ಕಾಗಿ ನಟನ ಕೈಯಲ್ಲಿರುವುದು ಮೂರೇ ಸಾಧನ: ದನಿಯ ಎತ್ತರ, ಮಾತಿನ ಓಟ, ಪದಗಳ ಆಯ್ಕೆ.

ಹೊಸಬರು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಅಭ್ಯಾಸ ಮಾಡುತ್ತಾರೆ. ಹೆಣ್ಣಿಗೆ ಕೀಚಲು ದನಿ, ಗೌಡನಿಗೆ ದಪ್ಪ ದನಿ, ಹುಡುಗನಿಗೆ ಮೂಗಿನ ದನಿ ಎಂದು ಮೊದಲು ದನಿ ಹಂಚಿ, ಆಮೇಲೆ ಮಾತು ಬರೆಯುತ್ತಾರೆ. ಕೆಲಸ ಕೆಡುವುದು ಅಲ್ಲೇ. ಮೂರು ಸಾಧನಗಳಲ್ಲಿ ದನಿಯ ಎತ್ತರ ಎಲ್ಲಕ್ಕಿಂತ ಬೇಗ ಕೈಕೊಡುತ್ತದೆ. ನಟ ದಣಿದರೂ ಉದ್ವೇಗಗೊಂಡರೂ ಅದು ಜಾರುತ್ತದೆ. ಓಟ ಅದಕ್ಕಿಂತ ಗಟ್ಟಿ. ಬರೆದಿಟ್ಟ ಪದ ಮಾತ್ರ ಜಾರುವುದಿಲ್ಲ. ಹಾಗಾಗಿ ಪಾತ್ರಗಳನ್ನು ಬೇರ್ಪಡಿಸುವ ಕೆಲಸ ಕಾಗದದ ಮೇಲೆ ಪದಗಳಿಂದ ಶುರುವಾಗಿ, ಓಟಕ್ಕೆ ಬಂದು, ಕೊನೆಗೆ ದನಿಗೆ ಬರುವುದು ಒಳ್ಳೆಯದು.

ಕನ್ನಡಕ್ಕೆ ಈ ಕೆಲಸ ಹೊಸದೇನಲ್ಲ. ಹರಿಕಥೆಯ ದಾಸರು ಒಂದೇ ನಿಲುವಿನಲ್ಲಿ ಕೃಷ್ಣನೂ ಆಗುತ್ತಾರೆ, ಅವನನ್ನು ಬೈಯುವ ಗೊಲ್ಲತಿಯೂ ಆಗುತ್ತಾರೆ. ಗುರುರಾಜುಲು ನಾಯ್ಡು ಅವರ ಹರಿಕಥೆಗಳು ಕ್ಯಾಸೆಟ್‌ನಲ್ಲಿ ಮನೆಮನೆಗೆ ಹೋದಾಗ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಯಾರ ಮಾತು ಯಾರದು ಎಂದು ಕೇಳುಗರು ತಬ್ಬಿಬ್ಬಾಗುತ್ತಿರಲಿಲ್ಲ. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಕೂತ ಒಬ್ಬಿಬ್ಬರೇ ರಾಮ ರಾವಣರಿಗೂ, ನಗಿಸಲು ಬರುವ ಕಿಳ್ಳೇಕ್ಯಾತ ಬಂಗಾರಕ್ಕರಿಗೂ ಬಾಯಿ ಕೊಡುತ್ತಾರೆ. ಟಿ.ಪಿ. ಕೈಲಾಸಂ ತಮ್ಮ ನಾಟಕಗಳನ್ನು ಗೆಳೆಯರೆದುರು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡಿ ತೋರಿಸುತ್ತಿದ್ದರು. ಅವರ ನಾಟಕಗಳನ್ನು ಸುಮ್ಮನೆ ಓದಿದರೂ ಇಂಗ್ಲಿಷ್ ಬೆರೆಸಿ ಮಾತಾಡುವವರು ಯಾರು, ಮನೆಮಾತಿನಲ್ಲೇ ಉಳಿದವರು ಯಾರು ಎಂಬುದು ಕಿವಿಗೆ ಕೇಳಿಸುತ್ತದೆ. ದನಿ ಬದಲಾಗುವ ಮುಂಚೆಯೇ ಅಲ್ಲಿ ಪದಗಳು ಬೇರೆಬೇರೆಯಾಗಿರುತ್ತವೆ.

ಇದು ಹೇಗೆ ನಡೆಯುತ್ತದೆಂದು ನೋಡಲು ಒಂದು ಕಿರುಪ್ರಹಸನವನ್ನೇ ಕಟ್ಟಿ ನೋಡಬಹುದು. ಸ್ಥಳ, ಮಂಡ್ಯ ಕಡೆಯ ಒಂದು ಊರಿನ ರೇಷನ್ ಅಂಗಡಿ. ಅಕ್ಕಿ ಕೊಡುವ ಮುಂಚೆ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಬದುಕೆಲ್ಲ ಗದ್ದೆಯಲ್ಲಿ ದುಡಿದ ಅಜ್ಜಿಯ ಬೆರಳ ಗೆರೆ ಸವೆದು ಹೋಗಿದೆ, ಯಂತ್ರ ಒಪ್ಪುತ್ತಿಲ್ಲ. ಪಾತ್ರಗಳು ಮೂರು: ಅಂಗಡಿಯವ, ಅಜ್ಜಿ, ಕಾಲೇಜಿಗೆ ಹೋಗುವ ಮೊಮ್ಮಗ. ಮೊದಲ ಬಾರಿ ಬರೆಯುವವರ ಕೈಯಲ್ಲಿ ಮಾತುಗಳು ಹೀಗೆ ಬರುತ್ತವೆ.

ಅಂಗಡಿಯವ: ನಿಮ್ಮ ಬೆರಳಚ್ಚು ಯಂತ್ರದಲ್ಲಿ ಬರುತ್ತಿಲ್ಲ, ನಾಳೆ ಬನ್ನಿ.
ಅಜ್ಜಿ: ನಾನು ಬೆಳಿಗ್ಗೆಯಿಂದ ನಿಂತಿದ್ದೇನೆ, ಇವತ್ತೇ ಅಕ್ಕಿ ಕೊಡಿ.
ಮೊಮ್ಮಗ: ನಾವು ಕಾರ್ಡಿಗೆ ಆಧಾರ್ ಜೋಡಿಸಿದ್ದೇವೆ, ಬೇರೆ ದಾರಿ ಇದ್ದರೆ ನೋಡಿ.

ಮೂರೂ ಸಾಲುಗಳನ್ನು ಒಬ್ಬನೇ ಬರೆದಿದ್ದಾನೆ ಎಂಬುದು ಕಾಣುತ್ತಿದೆ. ಪಾತ್ರಗಳ ಹೆಸರು ಅಳಿಸಿದರೆ ಯಾವ ಸಾಲನ್ನೂ ಯಾರು ಬೇಕಾದರೂ ಆಡಬಹುದು. ಇಂಥ ಮಾತುಗಳಿಗೆ ಎಷ್ಟು ವಿಚಿತ್ರ ದನಿ ಹಚ್ಚಿದರೂ ಒಬ್ಬನೇ ಮೂರು ಮುಖವಾಡ ಹಾಕಿದಂತೆ ಕೇಳುತ್ತದೆ. ಅದೇ ಸಂಗತಿಯನ್ನು ಮೂವರ ಬಾಯಿಗೆ ಹೊಂದಿಸಿ ಬರೆದರೆ ಹೀಗಾಗುತ್ತದೆ.

ಅಂಗಡಿಯವ: ಬರ್ತಿಲ್ಲ ಅಜ್ಜಿ. ನಾಳೆ ಬನ್ನಿ.
ಅಜ್ಜಿ: ಅಯ್ಯೋ ಮಗ, ಕೋಳಿ ಕೂಗ್ದಾಗ ಬಂದ್ ನಿಂತೋಳು ಕಣಪ್ಪ. ಇನ್ನೊಂದ್ ಕಿತ ಒತ್ತುಸ್ಕೊ. ಎಬ್ಬೆಟ್ಟು ಸವ್ದೋಗದೆ, ನಾನೇನ್ ಮಾಡ್ಲಿ?
ಮೊಮ್ಮಗ: ಸರ್ ಸರ್ ಒಂದ್ನಿಮಿಷ, ಆಧಾರ್ ಲಿಂಕ್ ಆಗಿದೆ ಸರ್, ನಾನೇ ಮಾಡ್ಸಿದ್ದು, ಓಟಿಪಿ ಆಪ್ಷನ್ ಇರುತ್ತಲ್ಲ ಸರ್, ಒಂದ್ಸಲ ಟ್ರೈ ಮಾಡಿ, ಅಜ್ಜಿ ನೀನ್ ಸ್ವಲ್ಪ ಸುಮ್ನಿರು.

ಅಂಗಡಿಯವನ ವಾಕ್ಯ ಎರಡೇ ಪದಕ್ಕೆ ಮುಗಿಯುತ್ತದೆ. ಬೆಳಗಿನಿಂದ ಅದೇ ಮಾತನ್ನು ಹಲವರಿಗೆ ಹೇಳಿದವನು ಅವನು. ಕಾರಣ ವಿವರಿಸುವ ವ್ಯವಧಾನ ಅವನಲ್ಲಿ ಉಳಿದಿಲ್ಲ. ಅಜ್ಜಿ ಗಂಟೆ ಲೆಕ್ಕ ಹೇಳುವುದಿಲ್ಲ, ಕೋಳಿ ಕೂಗಿನ ಲೆಕ್ಕ ಹೇಳುತ್ತಾಳೆ. ಅವಳ ಬಾಯಲ್ಲಿ ಹೆಬ್ಬೆಟ್ಟು ಎಬ್ಬೆಟ್ಟಾಗುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಪದದ ಮೊದಲ ಹಕಾರ ಹೀಗೆ ಬಿದ್ದುಹೋಗುವುದು ಸಹಜ. ಮೊಮ್ಮಗನ ಮಾತಿಗೆ ಪೂರ್ಣವಿರಾಮವೇ ಇಲ್ಲ, ಎಲ್ಲವೂ ಅಲ್ಪವಿರಾಮ. ಇಂಗ್ಲಿಷ್ ಪದಗಳು ಅಲ್ಲಲ್ಲಿ ಬರುತ್ತವೆ. ಆದರೆ ಅವು ಸಿಕ್ಕಸಿಕ್ಕಲ್ಲಿ ಬೀಳಬಾರದು. ಲಿಂಕ್, ಆಪ್ಷನ್, ಟ್ರೈ ಇವೆಲ್ಲ ಅವನಿಗೆ ಗೊತ್ತಿರುವ, ಅಜ್ಜಿಗೆ ಗೊತ್ತಿಲ್ಲದ ಲೋಕದ ಪದಗಳು. ಅದೇ ಹುಡುಗ ‘ಅಕ್ಕಿ’ಗೆ ‘ರೈಸ್’ ಅಂದರೆ ಪಾತ್ರ ಕೆಟ್ಟು ಗೇಲಿಯಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ, ಅದು ಕನ್ನಡ ನಟನಿಗೆ ಪುಕ್ಕಟೆ ಸಿಕ್ಕಿರುವ ಅನುಕೂಲ. ಕನ್ನಡದಲ್ಲಿ ಮಾತು ಆಡುವವನ ಗುರುತಿನ ಜೊತೆಗೆ ಕೇಳುವವರ ಗುರುತನ್ನೂ ಹೊತ್ತು ತರುತ್ತದೆ. ‘ಬಾರೋ’ ಅಂದರೆ ಎದುರಿಗಿರುವವನು ಗಂಡು, ಸಲಿಗೆಯವನು. ‘ಬಾರೇ’ ಅಂದರೆ ಹೆಣ್ಣು. ‘ಬನ್ನಿ’ ಅಂದರೆ ಹಿರಿಯರೋ ಅಪರಿಚಿತರೋ. ಮೇಲಿನ ಮೂವರಲ್ಲಿ ಯಾರು ಯಾರನ್ನು ಹೇಗೆ ಕರೆಯುತ್ತಾರೆ ನೋಡಿ. ಅಜ್ಜಿ ಅಂಗಡಿಯವನಿಗೆ ‘ಕಣಪ್ಪ’ ಅನ್ನುತ್ತಾಳೆ, ಮೊಮ್ಮಗನಿಗೆ ‘ಕಣ್ಲಾ’ ಅನ್ನುತ್ತಾಳೆ. ಮೊಮ್ಮಗ ಅಂಗಡಿಯವನಿಗೆ ‘ಸರ್’ ಅನ್ನುತ್ತಾನೆ, ಅಜ್ಜಿಗೆ ‘ನೀನು’ ಅನ್ನುತ್ತಾನೆ. ಅಂಗಡಿಯವ ಅಜ್ಜಿಗೆ ‘ಬನ್ನಿ’ ಅನ್ನುತ್ತಾನೆ, ಹುಡುಗನಿಗೆ ‘ನೋಡು ತಮ್ಮ’ ಅನ್ನುತ್ತಾನೆ. ಮೂವರ ನಡುವೆ ಮಾತು ಆರು ದಿಕ್ಕಿಗೆ ಹೋಗಬಹುದು. ಆ ಆರರಲ್ಲಿ ಒಂದರಂತೆ ಇನ್ನೊಂದಿಲ್ಲ. ಅಂಗಡಿಯವ, ಮೊಮ್ಮಗ ಇಬ್ಬರೂ ‘ಅಜ್ಜಿ’ ಎಂದೇ ಕರೆಯುತ್ತಾರೆ. ಆದರೆ ‘ಅಜ್ಜಿ, ಬನ್ನಿ’ಗೂ ‘ಅಜ್ಜಿ, ಬಾ’ಗೂ ಇರುವ ಅಂತರ ಇಬ್ಬರನ್ನೂ ಬೇರೆ ಮಾಡುತ್ತದೆ. ‘ಸರ್’ ಎಂಬ ಪದ ಬಿದ್ದ ಕೂಡಲೇ ಇದು ಮೊಮ್ಮಗನ ಮಾತು, ಇನ್ನು ಉತ್ತರ ಕೊಡುವವನು ಅಂಗಡಿಯವ ಎಂದು ಕೇಳುಗನಿಗೆ ತಿಳಿದುಹೋಗುತ್ತದೆ. ಮುಂದಿನ ದನಿ ಬರುವ ಮೊದಲೇ ಕಿವಿ ಅದಕ್ಕೆ ಸಿದ್ಧವಾಗಿರುತ್ತದೆ.

ಹಾಗಾಗಿ ಬರವಣಿಗೆ ಮುಗಿದ ಮೇಲೆ ಮಾಡಬೇಕಾದ ಮೊದಲ ಕೆಲಸ, ಈ ಆರು ಸಂಬೋಧನೆಗಳನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲಾದರೂ ಎರಡು ಒಂದೇ ಆಗಿವೆಯೇ ಎಂದು ನೋಡುವುದು. ಅಂಗಡಿಯವನೂ ‘ಮಗ’ ಅಂದು, ಅಜ್ಜಿಯೂ ‘ಮಗ’ ಅಂದರೆ ಅಲ್ಲಿ ಗೊಂದಲ ಖಂಡಿತ. ಆಮೇಲೆ ಹೆಸರುಗಳನ್ನು ಅಳಿಸಿದ ಪ್ರತಿಯೊಂದನ್ನು ಕಥೆ ಗೊತ್ತಿಲ್ಲದ ಯಾರಿಗಾದರೂ ಓದಲು ಕೊಡಬೇಕು. ಯಾವ ಸಾಲಿನಲ್ಲಿ ಅವರು ಅನುಮಾನಿಸುತ್ತಾರೋ ಆ ಸಾಲನ್ನು ತಿದ್ದಬೇಕೇ ಹೊರತು, ಅದನ್ನು ದನಿಯಿಂದ ಸರಿಪಡಿಸುತ್ತೇನೆ ಎಂದು ಬಿಡಬಾರದು.

ಪ್ರಾದೇಶಿಕ ನುಡಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ಪಾತ್ರ ಬೇರೆಯಾಗಿ ಕೇಳಲಿ ಎಂದು ಒಬ್ಬನಿಗೆ ಧಾರವಾಡ, ಇನ್ನೊಬ್ಬನಿಗೆ ಮಂಗಳೂರು, ಮತ್ತೊಬ್ಬನಿಗೆ ಕುಂದಾಪುರ ಹಂಚುವುದು ಸುಲಭದ ದಾರಿ, ಸ್ಪರ್ಧೆಗಳಲ್ಲಿ ಚಪ್ಪಾಳೆಯೂ ಸಿಗುತ್ತದೆ. ಆದರೆ ಮಂಡ್ಯದ ರೇಷನ್ ಅಂಗಡಿಗೆ ಮೂವರೂ ಮೂರು ಜಿಲ್ಲೆಗಳಿಂದ ಏಕೆ ಬಂದರು ಎಂಬ ಪ್ರಶ್ನೆಗೆ ಕಥೆಯಲ್ಲಿ ಉತ್ತರ ಇರಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು, ನಟನಿಗೆ ತನ್ನದಲ್ಲದ ನುಡಿಯ ನಾಲ್ಕೈದು ಪದ ಮಾತ್ರ ಗೊತ್ತಿರುತ್ತದೆ. ‘ಮಾರಾಯ’, ‘ಹೌದ್ರೀ’ ಎಂಬಂಥ ಪದಗಳನ್ನು ಪ್ರತಿ ಸಾಲಿನ ಬಾಲಕ್ಕೆ ಕಟ್ಟಿದರೆ ಆ ಊರಿನವರಿಗೆ ಎರಡನೇ ಸಾಲಿಗೇ ಬಣ್ಣ ಬಯಲಾಗುತ್ತದೆ. ಒಂದೇ ಊರಿನ ಮಾತಿನೊಳಗೇ ವಯಸ್ಸು, ಓದು, ಕಸುಬು, ಸಲಿಗೆಗಳಿಂದ ಹುಟ್ಟುವ ಭೇದ ಮೂರು ಪಾತ್ರಕ್ಕೆ ಧಾರಾಳವಾಗಿ ಸಾಕು.

ಎರಡನೆಯ ಸಾಧನ ಓಟ. ಸಾಮಾನ್ಯ ಮಾತಿನಲ್ಲಿ ಮನುಷ್ಯ ಸೆಕೆಂಡಿಗೆ ಸುಮಾರು 5ರಿಂದ 6 ಅಕ್ಷರ ಆಡುತ್ತಾನೆ ಎಂದು ಇಟ್ಟುಕೊಳ್ಳಬಹುದು. ಅಜ್ಜಿಯನ್ನು 3ರಿಂದ 4ಕ್ಕೆ ಇಳಿಸಿ, ಮೊಮ್ಮಗನನ್ನು 7ಕ್ಕೆ ಏರಿಸಿದರೆ ದನಿ ಬದಲಿಸದೆಯೂ ಇಬ್ಬರು ಬೇರೆಯಾಗುತ್ತಾರೆ. ಇದನ್ನು ಅಳೆಯುವುದು ಕಷ್ಟವಲ್ಲ. ಪ್ರತಿ ಪಾತ್ರದ ಮಾತಿನಲ್ಲಿ 30 ಅಕ್ಷರದ ಒಂದು ತುಂಡನ್ನು ಗುರುತು ಹಾಕಿಕೊಂಡು ಮೊಬೈಲಿನ ಗಡಿಯಾರ ಹಿಡಿದು ಹೇಳಬೇಕು. ಅಜ್ಜಿಗೆ 9 ಸೆಕೆಂಡಿನ ಆಸುಪಾಸು, ಮೊಮ್ಮಗನಿಗೆ 4ಕ್ಕೆ ಸ್ವಲ್ಪ ಮೇಲೆ ಬಂದರೆ ಸರಿ. ಇಬ್ಬರದೂ 5, 6ರ ಹತ್ತಿರ ಬರುತ್ತಿದ್ದರೆ ನಟ ತನ್ನದೇ ಓಟದಲ್ಲಿ ಇಬ್ಬರನ್ನೂ ಆಡುತ್ತಿದ್ದಾನೆ ಎಂದರ್ಥ.

ಆದರೆ ಓಟ ಎಂದರೆ ಬರೀ ವೇಗವಲ್ಲ. ಅಂಗಡಿಯವನ ವೇಗ ಸಾಮಾನ್ಯ ಮನುಷ್ಯನದೇ. ಅವನನ್ನು ಗುರುತಿಸುವುದು ಮಾತು ಮುಗಿದ ಮೇಲಿನ ಮೌನದಿಂದ. ‘ಬರ್ತಿಲ್ಲ ಅಜ್ಜಿ’ ಎಂದು ನಿಲ್ಲಿಸುತ್ತಾನೆ. ಏನೋ ಬರೆದುಕೊಳ್ಳುತ್ತಾನೆ. ಆಮೇಲೆ ‘ನಾಳೆ ಬನ್ನಿ.’ ಅಜ್ಜಿಯ ನಿಲುಗಡೆ ವಾಕ್ಯದ ನಡುವೆ ಬರುತ್ತದೆ, ಏಕೆಂದರೆ ಅವಳಿಗೆ ಉಸಿರು ಸಾಲುವುದಿಲ್ಲ: ‘ಕೋಳಿ ಕೂಗ್ದಾಗ… ಬಂದ್ ನಿಂತೋಳು ಕಣಪ್ಪ.’ ಮುದುಕರ ಪಾತ್ರ ಮಾಡುವವರು ದನಿ ನಡುಗಿಸಲು ಹೋಗುತ್ತಾರೆ, ಅದು ಅರ್ಧ ನಿಮಿಷಕ್ಕೆ ಸುಳ್ಳಾಗಿ ಕೇಳತೊಡಗುತ್ತದೆ. ನಡುಕ ಬಿಟ್ಟು, ಎರಡು ಮೂರು ಪದಕ್ಕೊಮ್ಮೆ ಉಸಿರು ತೆಗೆದುಕೊಂಡರೆ ವಯಸ್ಸು ತಾನಾಗಿ ಬರುತ್ತದೆ. ಮೊಮ್ಮಗ ವಾಕ್ಯ ಮುಗಿದಲ್ಲಿ ಉಸಿರೆಳೆಯುವುದೇ ಇಲ್ಲ. ಬೇರೆಯವರು ಬಾಯಿ ಹಾಕಿಯಾರು ಎಂಬ ಭಯಕ್ಕೆ ಮುಂದಿನ ವಾಕ್ಯದ ಒಂದು ಪದ ಆಡಿದ ಮೇಲೆ ಎಳೆದುಕೊಳ್ಳುತ್ತಾನೆ. ‘ನಾನೇ ಮಾಡ್ಸಿದ್ದು ಓಟಿಪಿ… ಆಪ್ಷನ್ ಇರುತ್ತಲ್ಲ ಸರ್.’ ಈ ಉಸಿರಿನ ಜಾಗಗಳನ್ನು ಹಸ್ತಪ್ರತಿಯಲ್ಲಿ ಗೀಟು ಹಾಕಿ ಗುರುತಿಸಿಕೊಳ್ಳುವ ನಟರು ರಂಗದ ಮೇಲೆ ತಪ್ಪುವುದು ಕಡಿಮೆ.

ಓಟದ ಬಲಕ್ಕೆ ಅಮೆರಿಕದ ವ್ಯಂಗ್ಯಚಿತ್ರಗಳಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ‘ಲೂನಿ ಟ್ಯೂನ್ಸ್’ನ ಬಹುಪಾಲು ಪಾತ್ರಗಳಿಗೆ ದನಿ ಕೊಟ್ಟ ಮೆಲ್ ಬ್ಲಾಂಕ್, ಸಿಲ್ವೆಸ್ಟರ್ ಬೆಕ್ಕಿಗೂ ಡ್ಯಾಫಿ ಬಾತುಕೋಳಿಗೂ ಹೆಚ್ಚುಕಡಿಮೆ ಒಂದೇ ದನಿ ಬಳಸುತ್ತಿದ್ದರು. ಎರಡಕ್ಕೂ ಸಕಾರ ಜೊಲ್ಲಿನಲ್ಲಿ ತೊಯ್ದಂತೆ ಬರುವ ತೊದಲು. ಡ್ಯಾಫಿಯ ಧ್ವನಿಮುದ್ರಣವನ್ನು ಸ್ವಲ್ಪ ವೇಗವಾಗಿ ಓಡಿಸುತ್ತಿದ್ದರು, ಅಷ್ಟೇ. ಟೇಪು ವೇಗವಾಗಿ ಓಡಿದಾಗ ಓಟದ ಜೊತೆ ದನಿಯೂ ಮೇಲೇರುತ್ತದೆ ಎಂಬುದು ನಿಜ. ಆದರೂ ಬೆಕ್ಕು, ಬಾತುಕೋಳಿ ಎರಡರದ್ದೂ ಒಂದೇ ಗಂಟಲು ಎಂದು ನೋಡುಗರಿಗೆ ಅನ್ನಿಸುತ್ತಿರಲಿಲ್ಲ.

ಒಬ್ಬನೇ ಆಡುವಾಗ ಮಾಡಲಾಗದ ಒಂದೇ ಕೆಲಸ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವುದು. ಜಗಳದ ದೃಶ್ಯಕ್ಕೆ ಅದಿಲ್ಲದಿದ್ದರೆ ಆಗದು. ಇದಕ್ಕೆ ಉಪಾಯ, ಮೊದಲಿನವನ ಕೊನೆಯ ಪದವನ್ನು ನಡುವೆ ಕತ್ತರಿಸಿ, ಎರಡನೆಯವನು ಅದೇ ಪದ ಹಿಡಿದು ಶುರುಮಾಡುವುದು.

ಮೊಮ್ಮಗ: ಆಧಾರ್ ಲಿಂಕ್ ಆಗಿ…
ಅಂಗಡಿಯವ: ಆಗಿಲ್ಲ.

ಇಲ್ಲಿ ಎರಡು ಮಾತಿನ ನಡುವೆ ಉಸಿರು ಎಳೆಯಬಾರದು. ಸಹಜ ಸಂಭಾಷಣೆಯಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸುಮಾರು ಸೆಕೆಂಡಿನ ಐದನೇ ಒಂದು ಭಾಗ. ಒಂಟಿ ನಟನಿಗೆ ಪಾತ್ರ ಬದಲಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಹಾಗಾಗಿ ಪ್ರಹಸನದ ಎಲ್ಲ ಬಿಡುವುಗಳೂ ಒಂದೇ ಉದ್ದಕ್ಕೆ ಹಿಗ್ಗಿ, ಮಾತು ನಿಂತು ನಿಂತು ಸಾಗಿದಂತೆ ಕೇಳುವ ಅಪಾಯವಿದೆ. ಕತ್ತರಿಸಿದ ಪದಗಳನ್ನು ಅಲ್ಲಲ್ಲಿ ಇಟ್ಟರೆ ಆ ಏಕತಾನ ಮುರಿಯುತ್ತದೆ. ರೇಷನ್ ಅಂಗಡಿಯ ಯಂತ್ರದ ‘ಟುಯ್ಞ್’ ಎಂಬ ಸದ್ದು ಕೂಡ ಇಲ್ಲಿ ನಟನ ನೆರವಿಗೆ ಬರುತ್ತದೆ. ಆ ಸದ್ದನ್ನು ಅವನೇ ಬಾಯಲ್ಲಿ ಮಾಡಿ, ಅದರ ಮರೆಯಲ್ಲಿ ಮುಂದಿನ ಪಾತ್ರಕ್ಕೆ ಸರಿದುಕೊಳ್ಳಬಹುದು. ಜನ ನಗುತ್ತಾರೆ ಕೂಡ.

ಇನ್ನು ಉಳಿದದ್ದು ದನಿಯ ಎತ್ತರ. ವಯಸ್ಕ ಗಂಡಸಿನ ಗಂಟಲಿನ ತಂತುಗಳು ಮಾತಾಡುವಾಗ ಸೆಕೆಂಡಿಗೆ ಸುಮಾರು 100ರಿಂದ 130 ಸಲ ಕಂಪಿಸುತ್ತವೆ. ಹೆಂಗಸಿನದು 200ರ ಸುತ್ತಮುತ್ತ, ಚಿಕ್ಕ ಮಕ್ಕಳದು ಇನ್ನೂ ಮೇಲೆ. ಗಂಡಸು ತನ್ನ ದನಿಯನ್ನು 200ಕ್ಕೆ ಏರಿಸಬಲ್ಲ. ಆದರೂ ಅದು ಹೆಂಗಸಿನ ದನಿಯಂತೆ ಕೇಳದೆ ಹೆಂಗಸಿನಂತೆ ಮಾತಾಡಲು ಹೊರಟ ಗಂಡಸಿನ ದನಿಯಂತೆ ಕೇಳುತ್ತದೆ. ಕಾರಣ, ತಂತುಗಳಿಂದ ತುಟಿಯವರೆಗಿನ ಕೊಳವೆ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದ, ಹೆಂಗಸಿನಲ್ಲಿ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ. ಎತ್ತರ ಏರಿದರೂ ಕೊಳವೆಯ ಅನುರಣನ ಅದೇ ಉಳಿಯುತ್ತದೆ, ಕಿವಿ ಅದನ್ನು ಹಿಡಿಯುತ್ತದೆ. ಈ ಕೊಳವೆಯನ್ನು ಒಂದಿಷ್ಟು ಬದಲಿಸಲು ಬರುತ್ತದೆ: ತುಟಿಯನ್ನು ನಗುವಿನಂತೆ ಅಗಲಿಸಿದರೆ ಅದು ತುಸು ಗಿಡ್ಡವಾಗಿ ದನಿ ಎಳೆಯದಾಗುತ್ತದೆ, ತುಟಿಯನ್ನು ಮುಂದೆ ಚಾಚಿದರೆ ಉದ್ದವಾಗಿ ದನಿ ಗಂಭೀರವಾಗುತ್ತದೆ. ಮೊಮ್ಮಗನಿಗೆ ಅಗಲಿಸಿದ ತುಟಿ, ಅಂಗಡಿಯವನಿಗೆ ಚಾಚಿದ ತುಟಿ ಇಟ್ಟುಕೊಂಡರೆ ಗಂಟಲಿಗೆ ತ್ರಾಸವಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ.

ಅಜ್ಜಿಯ ದನಿಯ ವಿಷಯದಲ್ಲಿ ಬಹುತೇಕ ನಟರು ತಪ್ಪುವುದು ಇಲ್ಲಿ. ಮುದುಕಿ ಎಂದರೆ ಕೀಚಲು ಎಂದು ನಂಬಿದ್ದಾರೆ. ವಾಸ್ತವದಲ್ಲಿ ವಯಸ್ಸಾದಂತೆ ಹೆಂಗಸರ ದನಿ ತಗ್ಗುತ್ತದೆ, ಇಳಿವಯಸ್ಸಿನ ಗಂಡಸರದ್ದೇ ಸ್ವಲ್ಪ ಮೇಲೇರುತ್ತದೆ. ಹಾಗಾಗಿ ಗಂಡು ನಟನೊಬ್ಬ ಅಜ್ಜಿಯನ್ನು ತನ್ನ ಸಹಜ ದನಿಯ ಆಸುಪಾಸಿನಲ್ಲೇ, ಎದೆಯ ಜೋರು ತೆಗೆದು, ಸ್ವಲ್ಪ ಉಸಿರು ಬೆರೆಸಿ ಆಡಿದರೆ ಅದು ಕೀಚಲಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಅಜ್ಜಿಯ ಮಾತಿನ ಉದ್ದ ಹೆಚ್ಚು ಇರುವುದರಿಂದ ಗಂಟಲಿಗೂ ಇದೇ ಕ್ಷೇಮ: ಹೆಚ್ಚು ಮಾತಿರುವ ಪಾತ್ರಕ್ಕೆ ಸಹಜ ದನಿಗೆ ಹತ್ತಿರದ ಜಾಗ, ಕಡಿಮೆ ಮಾತಿರುವವರಿಗೆ ದೂರದ ಜಾಗ.

ಸಹಜ ದನಿ ಎಲ್ಲಿದೆ ಎಂದು ತಿಳಿಯಲು, ಯಾರೋ ಹೇಳಿದ್ದಕ್ಕೆ ಒಪ್ಪಿಗೆಯಾಗಿ ಬಾಯಿ ಮುಚ್ಚಿಕೊಂಡೇ ‘ಹ್ಞೂಂ’ ಅನ್ನುವಾಗಿನ ಎತ್ತರವನ್ನು ಹಾರ್ಮೋನಿಯಂನಲ್ಲೋ ಮೊಬೈಲಿನ ಶ್ರುತಿಯಲ್ಲೋ ಹುಡುಕಿದರೆ ಸಾಕು. ಅಲ್ಲಿಂದ ಅಂಗಡಿಯವನನ್ನು ಮೂರು ಕೀಲಿ ಕೆಳಗೆ, ಮೊಮ್ಮಗನನ್ನು ನಾಲ್ಕೈದು ಕೀಲಿ ಮೇಲೆ ಇಡಬಹುದು. ಕರಿ ಬಿಳಿ ಎಲ್ಲವನ್ನೂ ಎಣಿಸಿ ಈ ಲೆಕ್ಕ. ಒಂದೆರಡು ಕೀಲಿಯ ಅಂತರ ನಟನ ಕಿವಿಗೆ ದೊಡ್ಡದಾಗಿ ಕಂಡರೂ ಸಭೆಯ ಕೊನೆಯ ಸಾಲಿಗೆ ತಿಳಿಯುವುದಿಲ್ಲ. ಎಂಟು ಹತ್ತಕ್ಕೆ ಹೋದರೆ ಗಂಟಲು ತಡೆಯುವುದಿಲ್ಲ. ಇಷ್ಟರ ಜೊತೆಗೆ ದನಿಯ ಏರಿಳಿತವೂ ಬೇರೆಯಾಗಬೇಕು. ಅಂಗಡಿಯವನದು ಹೆಚ್ಚುಕಡಿಮೆ ಒಂದೇ ಸಮತಲ, ವಾಕ್ಯದ ಕೊನೆಗೆ ಸ್ವಲ್ಪ ಕೆಳಗೆ ಬೀಳುತ್ತದೆ. ಮೊಮ್ಮಗನದು ಪ್ರತಿ ತುಂಡಿನ ಕೊನೆಗೆ ಮೇಲೇಳುತ್ತದೆ. ಅಜ್ಜಿ ಮೊದಲ ಪದವನ್ನು ಎತ್ತರದಲ್ಲಿ ಹಿಡಿದು, ಅಲ್ಲಿಂದ ಎಳೆದುಕೊಂಡು ಇಳಿಯುತ್ತಾಳೆ: ‘ಅಯ್ಯೋಓ ಮಗ…’ ಎತ್ತರ ಮರೆತುಹೋದರೂ ಈ ಏರಿಳಿತದ ಅಭ್ಯಾಸ ಉಳಿದಿದ್ದರೆ ಪಾತ್ರ ಗುರುತು ಸಿಗುತ್ತದೆ.

ಪಾತ್ರದಿಂದ ಪಾತ್ರಕ್ಕೆ ಹಾರುವಾಗ ದನಿ ತಕ್ಷಣ ಸಿಕ್ಕಬೇಕು. ಅದಕ್ಕೆ ಪ್ರತಿ ಪಾತ್ರಕ್ಕೂ ಒಂದು ಎತ್ತುಗಡೆಯ ಪದ ಬೇಕು. ‘ಅಯ್ಯೋ ಮಗ’, ‘ಸರ್ ಸರ್’, ‘ನೋಡಿ’ ಇವು ಆ ಕೆಲಸ ಮಾಡುತ್ತವೆ. ಅಭ್ಯಾಸದ ಮೊದಲ ದಿನಗಳಲ್ಲಿ ಪ್ರತಿ ಮಾತನ್ನೂ ಆ ಪದದಿಂದಲೇ ಆರಂಭಿಸಿ, ದನಿ ಅದಕ್ಕೆ ಅಂಟಿಕೊಂಡ ಮೇಲೆ ಮೂರರಲ್ಲಿ ಎರಡು ಕಡೆ ಅದನ್ನು ಮನಸ್ಸಿನಲ್ಲೇ ಅಂದುಕೊಂಡು ಮುಂದಿನ ಪದದಿಂದ ಶುರುಮಾಡಬಹುದು. ರಂಗದ ಮೇಲಾದರೆ ನೋಟವೂ ಜೊತೆಯಾಗುತ್ತದೆ: ಅಂಗಡಿಯವ ಕೂತವನಾದ್ದರಿಂದ ಕತ್ತೆತ್ತಿ ನೋಡುತ್ತಾನೆ, ಅಜ್ಜಿ ಬಾಗಿದವಳು, ಹುಡುಗ ಇಬ್ಬರ ಕಡೆಗೂ ತಿರುಗುತ್ತಿರುತ್ತಾನೆ. ಆಕಾಶವಾಣಿಗೆ ಆಡುವಾಗಲೂ ಕೆಲವರು ಈ ಚಲನೆಯನ್ನು ಬಿಡುವುದಿಲ್ಲ, ಕತ್ತು ಬಗ್ಗಿದರೆ ದನಿಯೂ ಬದಲಾಗುತ್ತದೆ ಎಂಬ ಕಾರಣಕ್ಕೆ.

ಇಷ್ಟೆಲ್ಲ ಸಿದ್ಧವಾದರೂ ಪ್ರಹಸನ ಕೆಡುವ ಜಾಗ ಒಂದಿದೆ. ಅದು ಜಗಳ. ಸಿಟ್ಟು ಬಂದಾಗ ಎಲ್ಲ ಮನುಷ್ಯರ ದನಿಯೂ ಏರುತ್ತದೆ, ಮಾತು ಬಿರುಸಾಗುತ್ತದೆ, ಗಟ್ಟಿಯಾಗುತ್ತದೆ. ನಟ ಆ ಸಹಜ ದಾರಿಯಲ್ಲೇ ಹೋದರೆ ಮೂವರೂ ಮೇಲೆ ಹೋಗಿ ಒಂದೇ ಕಡೆ ಸೇರುತ್ತಾರೆ. ಅಂಗಡಿಯವನ ಕೂಗು, ಮೊಮ್ಮಗನ ಕೂಗು ಒಂದೇ ಆಗುತ್ತದೆ, ಕೇಳುಗ ಕೈಬಿಡುತ್ತಾನೆ. ಇದಕ್ಕೆ ಮದ್ದು, ಪ್ರತಿಯೊಬ್ಬರೂ ಸಿಟ್ಟಾಗುವ ರೀತಿಯನ್ನೇ ಬೇರೆ ಮಾಡುವುದು.

ಅಂಗಡಿಯವ ಸಿಟ್ಟಾದರೆ ಇನ್ನೂ ನಿಧಾನವಾಗಲಿ. ‘ಮಿಷಿನ್. ತಗೊಳ್ತಿಲ್ಲ. ನಾನೇನ್ ಮಾಡ್ಲಿ.’ ದನಿ ಮತ್ತೂ ಕೆಳಗಿಳಿಯಲಿ. ಅಜ್ಜಿಯ ಸಿಟ್ಟು ಪದದಲ್ಲಿ ಬರಲಿ: ಈವರೆಗೆ ‘ಮಗ’, ‘ಕಣಪ್ಪ’ ಎನ್ನುತ್ತಿದ್ದವಳು ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರಿ ‘ಆಯ್ತು ಸ್ವಾಮಿ, ನೀವು ದೊಡ್ಡೋರು, ನಿಮ್ ಮಿಷಿನ್ನು ದೊಡ್ಡದು’ ಎಂದರೆ ಅದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ, ದನಿ ಏರಿಸುವ ಅಗತ್ಯವೂ ಬೀಳುವುದಿಲ್ಲ. ಮೊಮ್ಮಗನೊಬ್ಬನೇ ಕೂಗಲಿ. ಅವನ ಸಿಟ್ಟಿನಲ್ಲಿ ಇಂಗ್ಲಿಷ್ ಉದುರಿಹೋಗಿ ಮನೆಮಾತು ಹೊರಬರಲಿ: ‘ಆ ಕೈ ಸವ್ದಿದ್ದು ಊರಿಗೇ ಅನ್ನ ಆಕಕ್ಕೆ ಕಣ್ರೀ!’ ಕಲಿತ ಹಕಾರ ಸಿಟ್ಟಿನಲ್ಲಿ ಬಿದ್ದುಹೋಗಿ ಅವನೂ ಅಜ್ಜಿಯಂತೆ ಮಾತಾಡುತ್ತಾನೆ. ಪ್ರಹಸನದ ಅತ್ಯುತ್ತಮ ಗಳಿಗೆ ಇದೇ, ಅಪಾಯದ ಗಳಿಗೆಯೂ ಇದೇ. ಪದಗಳು ಇಲ್ಲಿ ಇಬ್ಬರನ್ನು ಬೇರ್ಪಡಿಸುವುದಿಲ್ಲ, ಆದ್ದರಿಂದ ಓಟ ಮತ್ತು ಎತ್ತರ ಎರಡೂ ಕಟ್ಟುನಿಟ್ಟಾಗಿ ಮೊಮ್ಮಗನವೇ ಆಗಿರಬೇಕು. ‘ಕಣ್ರೀ’ಯಲ್ಲಿನ ಗೌರವವೂ ಉಳಿಯಬೇಕು. ಅಲ್ಲಿ ‘ಕಣಪ್ಪ’ ಬಂದರೆ ಮಾತು ಅಜ್ಜಿಯದಾಗಿಬಿಡುತ್ತದೆ.

ದನಿಗಳು ನಿಧಾನವಾಗಿ ಒಂದರ ಹತ್ತಿರ ಒಂದು ಸರಿಯುವುದು ಎರಡನೆಯ ಸಾಮಾನ್ಯ ದೋಷ. ಮೊದಲ ನಿಮಿಷದಲ್ಲಿ ನಾಲ್ಕೈದು ಕೀಲಿಯಿದ್ದ ಅಂತರ ಆಟ ಮುಂದುವರಿದಂತೆ ಎರಡಕ್ಕೆ ಬಂದಿರುತ್ತದೆ, ನಟನಿಗೆ ಅದು ಗೊತ್ತಾಗುವುದಿಲ್ಲ. ಇಡೀ ಪ್ರಹಸನವನ್ನು ಮೊಬೈಲಿನಲ್ಲಿ ಮುದ್ರಿಸಿ, ಅಜ್ಜಿಯ ಮೊದಲ ಮಾತು ಕೇಳಿದ ಕೂಡಲೇ ಅವಳ ಕೊನೆಯ ಮಾತಿಗೆ ಹಾರಿ ಹೋಲಿಸಬೇಕು. ಪೂರ್ತಿ ಮೊದಲಿನಿಂದ ಕೇಳಿದರೆ ಜಾರಿದ್ದು ಕಿವಿಗೆ ಒಗ್ಗಿಹೋಗಿ ಸಿಕ್ಕುವುದಿಲ್ಲ. ಜಾರಿದ್ದು ಕಂಡರೆ ಪ್ರಹಸನದ ನಡುವೆ ಎಲ್ಲಾದರೂ ಅಜ್ಜಿಗೆ ‘ಅಯ್ಯೋ ಮಗ’ ಎಂದು ತೊಡಗುವ ಒಂದು ಮಾತು ಸೇರಿಸುವುದು ಒಳ್ಳೆಯದು, ದನಿ ಅಲ್ಲಿ ಮತ್ತೆ ತನ್ನ ಜಾಗಕ್ಕೆ ಕೂರುತ್ತದೆ.

ಗಂಟಲಿಗೆ ಪೆಟ್ಟು ಬೀಳುವುದು ಸಾಮಾನ್ಯವಾಗಿ ದಪ್ಪ ದನಿಯಿಂದ. ಎತ್ತರದ ಕಳ್ಳದನಿಯೂ ದಣಿಸುತ್ತದೆ, ಆದರೆ ಗಂಟಲನ್ನು ಹಿಂಡಿ ಗೊಗ್ಗರು ಮಾಡುವ ರಾಕ್ಷಸದನಿ, ಕುಡುಕದನಿಗಳು ಅದಕ್ಕಿಂತ ಬೇಗ ಕೆಡಿಸುತ್ತವೆ. ಅಭ್ಯಾಸ ಮುಗಿದ ಮೇಲೆ ಪದೇಪದೇ ಕ್ಯಾಕರಿಸಬೇಕೆನಿಸಿದರೆ, ಮಾರನೆಯ ಬೆಳಿಗ್ಗೆ ದನಿ ಒಡೆದಿದ್ದರೆ ಆ ಪಾತ್ರದ ದನಿ ಎಲ್ಲೋ ತಪ್ಪಾಗಿದೆ. ಪಿಸುಮಾತಿನಲ್ಲಿ ಅಭ್ಯಾಸ ಮಾಡಿದರೆ ಗಂಟಲಿಗೆ ವಿಶ್ರಾಂತಿ ಎಂದು ತಿಳಿದವರಿದ್ದಾರೆ. ಒತ್ತಿ ಆಡುವ ಪಿಸುಮಾತು ಸಣ್ಣ ದನಿಯ ಮಾತಿಗಿಂತ ಹೆಚ್ಚು ಬಿಗಿತ ತರಬಹುದು. ಎರಡು ವಾರವಾದರೂ ಗೊಗ್ಗರು ಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು.

ಪಾತ್ರಗಳು ಎಷ್ಟಿರಬಹುದು? ಹತ್ತು ನಿಮಿಷದ ಪ್ರಹಸನದಲ್ಲಿ ಮೂರು ಸಲೀಸು, ನಾಲ್ಕು ನುರಿತವರಿಗೆ. ಐದನೆಯದು ಬೇಕೆನಿಸಿದರೆ ಅದನ್ನು ಆಡದೆ, ಇನ್ನೊಂದು ಪಾತ್ರದ ಬಾಯಲ್ಲಿ ವರದಿ ಮಾಡಿಸುವುದು ಜಾಣತನ. ಸಾಲಿನಲ್ಲಿ ಹಿಂದೆ ನಿಂತವನು ಗೊಣಗುವುದನ್ನು ಪ್ರತ್ಯೇಕ ದನಿಯಲ್ಲಿ ಹೇಳುವ ಬದಲು, ಅಜ್ಜಿ ಹಿಂದಕ್ಕೆ ತಿರುಗಿ ‘ಏನ್ಲಾ ಗೊಣಗ್ತೀಯೆ? ನಿಂಗೂ ಬತ್ತದೆ ತಡಿ’ ಅಂದರೆ ಆ ಗಿರಾಕಿಯೂ, ಅವನ ಹಿಂದಿನ ಸಾಲೂ ಒಂದೇ ಮಾತಿನಲ್ಲಿ ಹುಟ್ಟುತ್ತವೆ.

ಕೊನೆಗೆ ಆಡುವ ಜಾಗದ ಲೆಕ್ಕ. ಮೈಕಿನ ಹತ್ತಿರ ನಿಂತು ಆಡಿದ್ದು ಮುದ್ರಣದಲ್ಲಿ ಚೆನ್ನಾಗಿ ಬಂದರೂ, ಸದ್ದು ಮಾರ್ದನಿಸುವ ಕಲ್ಯಾಣಮಂಟಪದಲ್ಲಿ ಸೆಕೆಂಡಿಗೆ 7 ಅಕ್ಷರದ ಮೊಮ್ಮಗ ಬರೀ ಗಲಾಟೆಯಾಗಿ ಕೇಳುತ್ತಾನೆ. ಅಂಥ ಕಡೆ ಅವನೊಬ್ಬನನ್ನೇ ನಿಧಾನಿಸಿದರೆ ಅವನೂ ಅಂಗಡಿಯವನೂ ಒಂದಾಗುತ್ತಾರೆ. ಮೂವರನ್ನೂ ಒಟ್ಟಿಗೆ ತಗ್ಗಿಸಿ, ನಡುವಿನ ಪ್ರಮಾಣ ಹಾಗೇ ಉಳಿಸಿಕೊಳ್ಳಬೇಕು: ಮೊಮ್ಮಗ 5ಕ್ಕೆ ಬಂದರೆ ಅಜ್ಜಿ 3ಕ್ಕೂ ಕೆಳಗೆ. ಅಂಗಡಿಯವನ ಮೌನಗಳನ್ನು ಮಾತ್ರ ಉದ್ದ ಮಾಡಬೇಕಿಲ್ಲ, ಆ ಮಂಟಪದ ಮಾರ್ದನಿಯೇ ಅವನ್ನು ಸಾಕಷ್ಟು ತುಂಬಿಸುತ್ತದೆ.